ಗೆರೆಯ ಕೆಳಗಿನ ಹೆಂಗಸರು

ಜೂಂ ಎಂದು ಹೋಗುತ್ತಿತ್ತು, ಟಕ್ ಎಂದು ನಿಲ್ಲುತ್ತಿತ್ತು, ಸರ್ರನೆ ವಾಪಸ್ಸು ಬರುತ್ತಿತ್ತು. ಸ್ಕ್ಯಾನರಿನ ಮುಚ್ಚಳದಡಿ ದೀಪ ಓಡಾಡುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಸ್ಯಾನ್ ಹೊಸೆಯ ನಮ್ಮ ಆಫೀಸಿನಲ್ಲಿ ಅಂಥವು ಸಾಲಾಗಿ ಇದ್ದವು. ಒಂದು ಹೋಗುವಾಗ ಇನ್ನೊಂದು ಬರುತ್ತಿತ್ತು. ಮೂಲೆಯಲ್ಲಿ ಪಿಂಗ್‌ಪಾಂಗ್ ಟೇಬಲ್ಲೂ ಇತ್ತು. ಆ ಡಾಟ್‌ಕಾಮ್ ಕಾಲದಲ್ಲಿ ಅದಿಲ್ಲದಿದ್ದರೆ ಕಂಪನಿ ಎಂದು ಯಾರೂ ನಂಬುತ್ತಿರಲಿಲ್ಲ.

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಿಂದ ಅಕ್ಷರ ಓದಿಸಿ, ಸ್ಕ್ರೀನಿನ ಮೇಲೆ ಓದುವ ಹಾಗೆ ಮಾಡುವುದು ನಮ್ಮ ಬಿಸಿನೆಸ್ಸು. ನಾನು ಪ್ರೂಫ್ ರೀಡರ್. ಬೆಂಗಳೂರಿನ ಪ್ರೆಸ್ಸೊಂದರಲ್ಲಿ ಅದೇ ಕೆಲಸ ಮಾಡಿಕೊಂಡಿದ್ದವಳು, ಗಂಡನಿಗೆ ಫಾಸ್ಟರ್ ಸಿಟಿಯ ಲ್ಯಾಬಿನಲ್ಲಿ ಕೆಲಸವಾದ ಮೇಲೆ ಇಲ್ಲಿಗೆ ಬಂದೆ. ಫ್ರೀವೇಯಲ್ಲಿ ಕಾರು ಓಡಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. ಪ್ರೂಫ್ ನೋಡುವುದನ್ನು ಕಲಿಯಬೇಕಾಗಲಿಲ್ಲ.

ನಮ್ಮ ಮ್ಯಾನೇಜರು ಮೈಸೂರಿನ ಮುಸ್ಲಿಂ ಹುಡುಗ. ನನ್ನ ಮಗನ ವಯಸ್ಸು. ನನ್ನನ್ನು ಆಂಟಿ ಎನ್ನುತ್ತಿದ್ದ, ರಂಜಾನಿನಲ್ಲಿ ಖರ್ಜೂರ ತಂದು ನನ್ನ ಟೇಬಲ್ಲಿನ ಮೇಲೆ ಮೊದಲು ಇಡುತ್ತಿದ್ದ. ಒಳ್ಳೆಯವನು. ಆದರೆ ಅವನದೊಂದು ರೂಲ್ ಶೀಟ್ ಇತ್ತು, ಸ್ಪೆಕ್ ಎನ್ನುತ್ತಿದ್ದ, ಅದನ್ನು ಗೋಡೆಗೆ ಅಂಟಿಸಿದ್ದ. ಪುಟದ ತಲೆಯಲ್ಲಿ ಮತ್ತೆ ಮತ್ತೆ ಬರುವ ಹೆಡರು, ಕಾಲಿನಲ್ಲಿ ಬರುವ ಫೂಟರು, ಪೇಜ್ ನಂಬರು, ಫುಟ್‌ನೋಟು, ನಾಲ್ಕೂ ಔಟ್.

ಅದನ್ನು ಮಾಡುವ ರೀತಿ ಸುಲಭ. ಸ್ಕ್ಯಾನ್ ಆದ ಪುಟದ ಚಿತ್ರ ಸ್ಕ್ರೀನಿಗೆ ಬರುತ್ತದೆ. ಮೌಸಿನಿಂದ ನಡುವಿನ ಭಾಗಕ್ಕೆ ಒಂದು ಬಾಕ್ಸ್ ಎಳೆಯಬೇಕು. ಬಾಕ್ಸಿನ ಒಳಗಿದ್ದದ್ದು ಅಕ್ಷರವಾಗುತ್ತದೆ, ಹೊರಗಿದ್ದದ್ದು ಹೋಗುತ್ತದೆ. ಒಂದು ಪುಟಕ್ಕೆ ಎಳೆದ ಬಾಕ್ಸನ್ನೇ ಇಡೀ ಪುಸ್ತಕಕ್ಕೆ ಹಚ್ಚಿಬಿಡಬಹುದು. ಕಾದಂಬರಿಗಳಿಗೆ ಇದು ಸರಿಯೇ. ನಾನೂ ತಕರಾರು ಮಾಡದೆ ಎಷ್ಟೋ ಕಾದಂಬರಿಗಳಿಗೆ ಸಹಿ ಹಾಕಿದ್ದೆ. ಪ್ರೂಫ್ ರೀಡರು ಸಹಿ ಹಾಕದೆ ಯಾವ ಪುಸ್ತಕವೂ ಆಫೀಸು ಬಿಡುವಂತಿರಲಿಲ್ಲ. ಅದೊಂದೇ ನನ್ನ ಕೈಯಲ್ಲಿದ್ದ ಅಧಿಕಾರ.

ಆಮೇಲೆ ಬಂತು ಆ ಪುಸ್ತಕ. ಈ ಕಣಿವೆ ಸಿಲಿಕಾನ್ ಆಗುವ ಮೊದಲು ಹಣ್ಣಿನ ತೋಟವಾಗಿತ್ತಲ್ಲ, ಆಗ ಏಪ್ರಿಕಾಟ್ ಕೊಯ್ದು ಡಬ್ಬಿಗೆ ತುಂಬುತ್ತಿದ್ದ ಕ್ಯಾನರಿಗಳ ಚರಿತ್ರೆ. ಬರೆದಾಕೆ ರಿಟೈರ್ಡ್ ಸ್ಕೂಲ್ ಟೀಚರ್. ಹುಡುಗಿಯಾಗಿದ್ದಾಗ ತಾಯಿಯ ಪಕ್ಕ ನಿಂತು ತಾನೂ ಏಪ್ರಿಕಾಟ್ ಕತ್ತರಿಸಿದವರು. ಲೈಬ್ರರಿಯೊಂದು ಆ ಪುಸ್ತಕವನ್ನು ನಮಗೆ ಕಳಿಸಿತ್ತು.

ಪ್ರೂಫ್ ನೋಡಲು ಆಕೆಯೇ ಬಂದರು, ಕೋಲು ಹಿಡಿದು, ಲೈಟ್ ರೈಲಿನಲ್ಲಿ. ನೋಡಲು ಎಂದರೆ ತಪ್ಪಾಗುತ್ತದೆ. ಆಕೆಯ ಕಣ್ಣಿನ ನಡುಭಾಗ ಮಬ್ಬಾಗುತ್ತಾ ಬಂದಿತ್ತು. ಅಂಚಿನಲ್ಲಿ ಏನೋ ಇದೆ ಎನ್ನುವುದು ಕಾಣುತ್ತಿತ್ತು, ಓದಲಾಗುತ್ತಿರಲಿಲ್ಲ. ತಮ್ಮ ಪುಸ್ತಕವನ್ನು ಕಂಪ್ಯೂಟರಿನ ದನಿಯಲ್ಲಿ ಕೇಳಬೇಕು, ಹಳೆಯ ಗೆಳತಿಯರಿಗೂ ಕೇಳಿಸಬೇಕು, ಅವರೂ ಬಹಳ ಮಂದಿ ಈಗ ಓದಲಾರರು ಎನ್ನುವುದು ಆಕೆಯ ಆಸೆ. ಗೆಳತಿಯರೆಂದರೆ ಕ್ಯಾನರಿಯಲ್ಲಿ ಜೊತೆಗೆ ದುಡಿದವರು. ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಕಾಯುವುದಕ್ಕೆ ಆಕೆಗೆ ಟೈಮ್ ಇರಲಿಲ್ಲ.

ನಾನು ಒಂದು ಪುಟದ ಪ್ರಿಂಟ್ ಕೊಟ್ಟೆ. ಆಕೆ ಅದನ್ನು ಮುಖದ ಪಕ್ಕಕ್ಕೆ ಹಿಡಿದು, ಓರೆಗಣ್ಣಿನಲ್ಲಿ ನೋಡಿ, ಬೆರಳಿನಿಂದ ಹಾಳೆಯ ಕೆಳಭಾಗ ಸವರಿದರು.

"ಇಲ್ಲಿ ಖಾಲಿ ಇದೆ. ನನ್ನ ಹೆಂಗಸರು ಎಲ್ಲಿ ಹೋದರು?"

ಮೂಲ ಪುಸ್ತಕ ತೆಗೆದು ನೋಡಿದೆ. ಮೇಲಿನ ಬರಹದಲ್ಲಿ ಕಂಪನಿಗಳು, ಮಾಲೀಕರು, ಮುಷ್ಕರಗಳು. ಗೆರೆಯ ಕೆಳಗೆ, ಫುಟ್‌ನೋಟಿನ ಸಣ್ಣ ಅಕ್ಷರದಲ್ಲಿ, ಇದನ್ನು ಹೇಳಿದ್ದು ಇಂಥ ಹೆಂಗಸು, ಇಂಥ ಲೈನಿನಲ್ಲಿ ನಿಂತಿದ್ದಳು, ಇಂಥ ಯಂತ್ರಕ್ಕೆ ಅವಳ ಬೆರಳು ಸಿಕ್ಕಿತ್ತು, ಹೀಗೆ. ಪುಟ ತಿರುವಿದಷ್ಟೂ ಅದೇ. ಪೋರ್ಚುಗೀಸ್ ಹೆಸರು, ಮೆಕ್ಸಿಕನ್ ಹೆಸರು, ಇಟಾಲಿಯನ್ ಹೆಸರು. ಮೇಲಿನ ಬರಹದಲ್ಲಿ ಅವರ‍್ಯಾರ ಹೆಸರೂ ಇರಲಿಲ್ಲ.

"ಮೇಲೆ ಯಾಕೆ ಬರೆಯಲಿಲ್ಲ ನೀವು?" ಎಂದೆ.

"ಅಚ್ಚು ಹಾಕಿದವನು ಬಿಡಲಿಲ್ಲ. ಚರಿತ್ರೆಯಲ್ಲಿ ಇಷ್ಟು ಹೆಂಗಸರು ಬೇಡ ಅಂದ. ನೋಟಿನಲ್ಲಿ ಹಾಕಿಕೋ ಅಂದ. ಹಾಕಿಕೊಂಡೆ." ಆಕೆ ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು. "ಈಗ ಅಲ್ಲಿಂದಲೂ ಎಬ್ಬಿಸ್ತೀರಾ?"

ನಾನು ಮ್ಯಾನೇಜರನ ಹತ್ತಿರ ಹೋದೆ.

"ಆಂಟಿ, ಸ್ಪೆಕ್ಕಲ್ಲೇ ಇದೆಯಲ್ಲ. ನಾಲ್ಕೂ ಔಟ್."

"ನಾಲ್ಕನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದ್ದು ಯಾರಪ್ಪಾ?"

"ನಾನೇ."

"ಹಾಗಾದ್ರೆ ಚೀಲ ಬಿಚ್ಚೋನೂ ನೀನೇ."

ಅವನು ನಕ್ಕ. ಆದರೆ ಬಿಡಲಿಲ್ಲ. "ನೋಡಿ, ನೋಟು ಒಂದು ಪುಟದಲ್ಲಿ ಎರಡು ಸಾಲು, ಇನ್ನೊಂದರಲ್ಲಿ ಅರ್ಧ ಪುಟ. ಒಂದೇ ಬಾಕ್ಸು ಎಲ್ಲಾ ಪುಟಕ್ಕೂ ಕೂರಲ್ಲ. ಪ್ರತಿ ಪುಟಕ್ಕೂ ಕೈಯಲ್ಲೇ ಎಳೀಬೇಕು. ಯಾರು ಮಾಡ್ತಾರೆ? ಫ್ರೈಡೇ ಡೆಲಿವರಿ. ರೀಡರ್‌ಗೆ ಬೇಕಾಗಿರೋದು ಕ್ಲೀನ್ ಟೆಕ್ಸ್ಟು."

"ಕ್ಲೀನ್ ಅಲ್ಲ ಇದು. ಮನೆ ಗುಡಿಸೋವಾಗ ಮನೆಯವರನ್ನೂ ಸೇರಿಸಿ ಗುಡಿಸಿದ ಹಾಗಿದೆ. ನಾನು ಸೈನ್ ಮಾಡಲ್ಲ."

"ಆಂಟಿ..."

"ಬೇರೆಯವರ ಹತ್ತಿರ ಮಾಡಿಸ್ಕೋ. ಅವರಿಗೂ ಹೇಳ್ತೀನಿ, ಮಾಡಬೇಡಿ ಅಂತ."

ಹೀಗೆಲ್ಲ ಮಾತಾಡುವುದನ್ನು ನಾನು ಎಲ್ಲಿ ಕಲಿತೆನೋ. ಕಾನ್ವೆಂಟಿನಲ್ಲಂತೂ ಅಲ್ಲ. ಅಲ್ಲಿ ನಮಗೆ ಕಲಿಸಿದ್ದು ಎಸ್ ಸಿಸ್ಟರ್, ನೋ ಸಿಸ್ಟರ್. ಆದರೆ ಲಿಟರೇಚರ್ ತೆಗೆದುಕೊಳ್ಳುತ್ತಿದ್ದ ಸಿಸ್ಟರೊಬ್ಬರು ಪುಟದ ಕೊನೆಯ ಸಣ್ಣ ಅಕ್ಷರವನ್ನೂ ನಿಂತು ಓದಿಸುತ್ತಿದ್ದರು, ಕೂತು ಓದಲು ಬಿಡುತ್ತಿರಲಿಲ್ಲ. ಬಹುಶಃ ಬೀಜ ಅಲ್ಲೇ ಬಿದ್ದಿತ್ತು.

ಅವನು ಕ್ಯಾಲೆಂಡರಿನಲ್ಲಿ ಶುಕ್ರವಾರಕ್ಕೆ ಎಷ್ಟು ದಿನ ಎಂದು ಎಣಿಸಿದ. ಕೊನೆಗೆ, "ಬಾಕ್ಸು ನೀವೇ ಎಳೀತೀರಾ? ಫ್ರೈಡೇ ಒಳಗೆ ಆದ್ರೆ ನೋಟ್ಸು ಇರುತ್ತೆ. ಆಗಲಿಲ್ಲ ಅಂದ್ರೆ ಹೋಗುತ್ತೆ. ಆಗ ಸೈನ್ ಮಾಡಬೇಕು ನೀವು" ಎಂದ.

"ಆಗುತ್ತೆ" ಎಂದೆ. ಆಗದಿದ್ದರೆ ಸೈನ್ ಮಾಡುತ್ತೇನೆ ಎಂದು ನಾನು ಹೇಳಲಿಲ್ಲ. ಅದನ್ನು ಅವನೂ ಗಮನಿಸಿದ.

ಆಕೆಗೆ ಹೇಳಿದರೆ ಸಂತೋಷಪಡುತ್ತಾರೆ ಎಂದುಕೊಂಡೆ. ಪಡಲಿಲ್ಲ. "ಹೆಡರೂ ಇರಬೇಕು, ಪೇಜ್ ನಂಬರೂ ಇರಬೇಕು. ಎಲ್ಲಾ ಇರಬೇಕು. ನನ್ನ ಪುಸ್ತಕದ ಒಂದು ಚೂರನ್ನೂ ಮುಟ್ಟಬೇಡಿ."

ಒಬ್ಬನಿಗೆ ಎಲ್ಲ ಹೋಗಬೇಕು, ಒಬ್ಬರಿಗೆ ಎಲ್ಲ ಇರಬೇಕು. ಇಬ್ಬರ ಮಾತನ್ನೂ ನಾನು ಒಪ್ಪುವ ಹಾಗಿರಲಿಲ್ಲ. ಆಕೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಏನೂ ತೆಗೆಯದ ಪುಟಗಳನ್ನು ಅದರ ದನಿಯಲ್ಲಿ ಓದಿಸಿದೆ. ಮುಷ್ಕರದ ದಿನ ಹೆಂಗಸರು ಗೇಟಿನ ಹತ್ತಿರ ಬಂದು ನಿಲ್ಲುವ ಭಾಗ. ವಾಕ್ಯ ಒಂದು ಪುಟದಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತಿತ್ತು. ಗೇಟಿನ ಕಡೆಗೆ ನಡೆಯುತ್ತಾ ನಡೆಯುತ್ತಾ ಇದ್ದ ಹೆಂಗಸರನ್ನು ಆ ಯಂತ್ರ ಅಲ್ಲೇ ನಿಲ್ಲಿಸಿ, ಫುಟ್‌ನೋಟೊಂದನ್ನು ಅರ್ಧ ಓದಿ, ಪೇಜ್ ನಂಬರು ಹೇಳಿ, ಪುಸ್ತಕದ ಹೆಸರನ್ನು ಪೂರ್ತಿ ಘೋಷಿಸಿ, ಆಮೇಲೆ "ಗೇಟು ಮುಚ್ಚಿತ್ತು" ಎಂದಿತು.

ಆಕೆಯ ಭುಜ ಕುಣಿಯಿತು. ನಗುತ್ತಿದ್ದರು.

"ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಥರ ಇದೆ. ತೆಗೀರಿ ಹೆಡರು. ಆದರೆ ಬಲಗಡೆ ಪುಟದ್ದು ನೋಡಿದ್ದೀರಾ?"

ನೋಡಿರಲಿಲ್ಲ. ಎಡಪುಟದ ತಲೆಯಲ್ಲಿ ಪುಸ್ತಕದ ಹೆಸರು, ಅದು ಬದಲಾಗುವುದಿಲ್ಲ. ಬಲಪುಟದ ತಲೆಯಲ್ಲಿ ಇದ್ದದ್ದು ಇಸವಿ. ಬರಹದೊಳಗೆ ಆಕೆ "ಆ ಬೇಸಿಗೆ", "ಮರುವರ್ಷ" ಎಂದಷ್ಟೇ ಬರೆದಿದ್ದರು, ಯಾವ ವರ್ಷ ಎನ್ನುವುದು ತಲೆಯ ಮೇಲೆ ಇದೆಯಲ್ಲ ಎಂಬ ಧೈರ್ಯದಲ್ಲಿ. ಹೆಡರು ಹೋದರೆ ಆ ಬೇಸಿಗೆ ಯಾವ ಬೇಸಿಗೆಯೂ ಆಗಬಹುದಿತ್ತು.

ಅಲ್ಲಿಗೆ ನನ್ನ ರೂಲ್ ಶೀಟ್ ತಯಾರಾಯಿತು. ಪುಸ್ತಕದ ಹೆಸರು ಪುಟಪುಟಕ್ಕೂ ಬೇಡ. ಇಸವಿ ಬದಲಾದ ಕಡೆ ಮಾತ್ರ, ಆಕೆ ಕೇಳಿಸಿಕೊಂಡು ಹೇಳಿದ ಪ್ಯಾರಾದ ಮೇಲೆ, ಒಂದು ಸಾಲು. ಪೇಜ್ ನಂಬರು ಕಣ್ಣಿಗೂ ಕಿವಿಗೂ ಬೀಳಬಾರದು, ಆದರೆ ಸಾಯಲೂ ಬಾರದು. ಪುಸ್ತಕದ ಕೊನೆಯ ಇಂಡೆಕ್ಸು ನಿಂತಿರುವುದು ಅದರ ಮೇಲೆ. ಹಾಗಾಗಿ ಪುಟ ಶುರುವಾಗುವ ಜಾಗದಲ್ಲಿ ಒಂದು ಅಡಗಿದ ಗುರುತು. ಫುಟ್‌ನೋಟುಗಳು ಪುಟದ ಕಾಲಿನಿಂದ ಎದ್ದು ಅಧ್ಯಾಯದ ಕೊನೆಗೆ ಹೋಗಿ ಕೂರಬೇಕು.

ಹೇಳಿದಷ್ಟು ಸುಲಭವಿರಲಿಲ್ಲ. ಮೂಲದಲ್ಲಿ ಪ್ರತಿ ಪುಟದಲ್ಲೂ ನೋಟು ನಕ್ಷತ್ರದ ಗುರುತಿನಿಂದ ಹೊಸದಾಗಿ ಶುರುವಾಗುತ್ತಿತ್ತು. ಎಲ್ಲವನ್ನೂ ಒಂದೆಡೆ ಸೇರಿಸಿದರೆ ಬರೀ ನಕ್ಷತ್ರಗಳ ರಾಶಿ, ಯಾವುದು ಯಾರದೆಂದು ಗೊತ್ತಾಗದು. ಅಧ್ಯಾಯಕ್ಕೊಂದು ಸರಣಿಯಾಗಿ ನಂಬರು ಕೊಟ್ಟೆ, ಮೇಲಿನ ಗುರುತನ್ನೂ ಬದಲಿಸಿದೆ. ಉದ್ದದ ನೋಟುಗಳು ಮುಂದಿನ ಪುಟದ ಗೆರೆಯ ಕೆಳಗೆ ಮುಂದುವರಿಯುತ್ತಿದ್ದವು, ಅವನ್ನು ಜೋಡಿಸಿದೆ. ಹಳೆಯ ಬಾಕ್ಸು ಅಧ್ಯಾಯ ಶುರುವಾಗುವ ಪುಟಗಳಲ್ಲಿ ಇನ್ನೊಂದು ಅನಾಹುತ ಮಾಡಿತ್ತು. ಆ ಪುಟಗಳಿಗೆ ಹೆಡರೇ ಇರಲಿಲ್ಲ. ಹೆಡರೆಂದುಕೊಂಡು ಅಧ್ಯಾಯದ ಹೆಸರನ್ನೇ ಹೊರಗೆ ಬಿಟ್ಟಿತ್ತು. ಅದನ್ನು ತೋರಿಸಿದಾಗ ಮ್ಯಾನೇಜರನ ಮುಖ ಸಣ್ಣಗಾಯಿತು.

"ಹಳೇ ಕಾದಂಬರಿಗಳಲ್ಲೂ ಹೀಗೇ ಆಗಿರಬಹುದಾ, ಆಂಟಿ?"

"ಆಗಿರಬಹುದು. ಅಧ್ಯಾಯದ ಹೆಸರು ನಾನೇ ಕೂಡಿಸಿದ್ದೀನಿ ಕೆಲವಕ್ಕೆ. ನಿನಗೆ ಹೇಳಿದ್ದೆ, ನೀನು ಪಿಂಗ್‌ಪಾಂಗ್ ಆಡ್ತಿದ್ದೆ."

ಅವನು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತ. ನಾನು ಬಾಕ್ಸು ಎಳೆದೆ, ಅವನು ಗುರುತಿನಿಂದ ನೋಟಿಗೆ, ನೋಟಿನಿಂದ ವಾಪಸ್ಸು ಗುರುತಿಗೆ ಲಿಂಕ್ ಹಾಕಿದ. ಮೇಲಿನವರು ಫೋನ್ ಮಾಡಿ ಇದೇನು ಸ್ಪೆಕ್ಕಿನಲ್ಲಿಲ್ಲವಲ್ಲ ಎಂದಾಗ, "ಈ ಪುಸ್ತಕಕ್ಕೆ ಇದೇ ಸ್ಪೆಕ್ಕು" ಎಂದುಬಿಟ್ಟ. ಶುಕ್ರವಾರ ನಾನು ಸಹಿ ಹಾಕಿದೆ, ಪೂರ್ತಿ ಹೆಸರು, ಕಾನ್ವೆಂಟಿನ ಕರ್ಸಿವ್ ಹ್ಯಾಂಡ್‌ರೈಟಿಂಗಿನಲ್ಲಿ.

ಆಮೇಲೆ ಆ ಕಂಪನಿ ಉಳಿಯಲಿಲ್ಲ. ಅಂಥವು ಯಾವುವೂ ಉಳಿಯಲಿಲ್ಲವಲ್ಲ. ಸ್ಕ್ಯಾನರುಗಳನ್ನು ಯಾರೋ ಒಯ್ದರು. ಮ್ಯಾನೇಜರು ಡ್ಯಾನ್‌ವಿಲ್ಲಿನಲ್ಲಿ ಮನೆ ಮಾಡಿದ, ಈದಿಗೆ ಈಗಲೂ ಫೋನ್ ಮಾಡುತ್ತಾನೆ. ಫುಟ್‌ನೋಟ್ ಬೇಡ ಎನ್ನುವವರು ಮಾತ್ರ ಮುಗಿದಿಲ್ಲ. ಈಗಲೂ ಸಿಗುತ್ತಾರೆ, ಡಿಸ್ಟರ್ಬ್ ಆಗುತ್ತೆ ಎನ್ನುತ್ತಾರೆ. ಆಗಲಿ ಬಿಡಿ. ಅದು ಇರುವುದೇ ಡಿಸ್ಟರ್ಬ್ ಮಾಡುವುದಕ್ಕೆ.

ಆಕೆಯನ್ನು ನಾನು ಕಡೆಯ ಸಲ ನೋಡಿದ್ದು ಸ್ಯಾನ್ ಹೊಸೆಯ ಸೀನಿಯರ್ ಸೆಂಟರಿನಲ್ಲಿ. ಟೇಬಲ್ಲಿನ ಮೇಲೆ ಕಂಪ್ಯೂಟರು, ಅದರ ಸುತ್ತ ಅರ್ಧ ಚಕ್ರದಲ್ಲಿ ಕುರ್ಚಿಗಳು, ಕುರ್ಚಿಗಳಲ್ಲಿ ಮುದುಕಿಯರು. ಆಕೆ ಕೀಬೋರ್ಡಿನ ಒಂದು ಕೀಗೆ ಬೆರಳಿಗೆ ಸಿಗುವ ಹಾಗೆ ಏನೋ ಅಂಟಿಸಿಕೊಂಡಿದ್ದರು. ಮುಷ್ಕರದ ಅಧ್ಯಾಯ ಮುಗಿಯಿತು. ಹೆಂಗಸರು ಈ ಸಲ ಎಲ್ಲೂ ನಿಲ್ಲದೆ ಗೇಟಿನವರೆಗೂ ನಡೆದರು. ಆಮೇಲೆ ನೋಟುಗಳು ಶುರುವಾದವು. ಯಂತ್ರಕ್ಕೆ ಪೋರ್ಚುಗೀಸ್ ಬರುವುದಿಲ್ಲ. ಮೊದಲ ಹೆಸರನ್ನೇ ಕಿವಿ ಹಿಂಡಿದ ಹಾಗೆ ಹೇಳಿತು.

ಹಿಂದಿನ ಸಾಲಿನ ಮುದುಕಿಯೊಬ್ಬಳು, "ಹಾಗಲ್ಲ ನನ್ನ ಹೆಸರು" ಎಂದಳು.

ಎಲ್ಲರೂ ನಕ್ಕರು. ನಾನು ಮನೆಗೆ ಹೊರಡಬೇಕಿತ್ತು, ಟ್ರಾಫಿಕ್ ಶುರುವಾಗುವ ಹೊತ್ತು. ಬಾಗಿಲಲ್ಲಿ ತಿರುಗಿ ನೋಡಿದೆ. ಆಕೆ ಕತ್ತನ್ನು ಒಂದು ಪಕ್ಕಕ್ಕೆ ಹೊರಳಿಸಿ, ನಾನಿದ್ದೇನೋ ಇಲ್ಲವೋ ಕಾಣದೆ, ಆ ಕೀಯನ್ನು ಬೆರಳಿನಿಂದ ಹುಡುಕಿ ಒತ್ತಿದರು. ಯಂತ್ರ ಹಿಂದಕ್ಕೆ ಹೋಗಿ ಅದೇ ಹೆಸರನ್ನು ಮತ್ತೆ ತಪ್ಪಾಗಿ ಹೇಳಿತು. ಹೆಸರಿನವಳು ಇನ್ನೂ ಗಟ್ಟಿಯಾಗಿ ತಿದ್ದಿದಳು.