ಡಾಲರಿನ ಅರ್ಧ ಪಾಲು

ಚನ್ನರಾಯಪಟ್ಟಣದಲ್ಲಿ ಮಾವನೂ ನಾನೂ ತೆಂಗಿನ ನಾರು ರಫ್ತು ಮಾಡುತ್ತಿದ್ದೆವು. ಬೆಲೆ ಡಾಲರಿನಲ್ಲಿ, ನಮ್ಮ ಖರ್ಚೆಲ್ಲ ರೂಪಾಯಿಯಲ್ಲಿ. ರೂಪಾಯಿ ಬಲವಾಗಿ ಡಾಲರಿಗೆ ಕಡಿಮೆ ರೂಪಾಯಿ ಸಿಕ್ಕರೆ ನಮಗಾಗುವ ನಷ್ಟದಲ್ಲಿ ಅರ್ಧ ಕೊಳ್ಳುವವನದು ಎಂದು ಕರಾರಿನಲ್ಲಿ ಬರೆದೆ.

ಹೊಲವನ್ನು ವಾರಕ್ಕೆ, ಅಂದರೆ ಪಾಲಿಗೆ, ಕೊಟ್ಟು ಬೆಳೆಯನ್ನು ಅರ್ಧರ್ಧ ಹಂಚಿಕೊಂಡೇ ಬಾಳಿದ ಮಾವ ಒಪ್ಪಲಿಲ್ಲ. "ರೂಪಾಯಿ ಬಿದ್ದು ನಮಗೆ ಲಾಭ ಬಂದ್ರೂ ಅವನಿಗರ್ಧ ಅಂತ ಬರಿ ಕಣ್ಲಾ" ಎಂದರು. ಬರೆದೆ.

ಆ ವರ್ಷ ರೂಪಾಯಿ ಬಿತ್ತು. ಹೆಚ್ಚಿಗೆ ಸಿಕ್ಕಿದ್ದರಲ್ಲಿ ಅರ್ಧವನ್ನು ಅವನಿಗೆ ಬಿಟ್ಟುಕೊಡುವಾಗ ಮೈಯೆಲ್ಲ ಉರಿಯಿತು. ಎರಡು ದಿನ ಮಾವನ ಜೊತೆ ಮಾತು ಬಿಟ್ಟಿದ್ದೆ.

ಈಗ ಮಾವ ಇಲ್ಲ. ಮೊನ್ನೆ ಹೊಸ ಕೊಳ್ಳುವವನೊಬ್ಬ ಕರಡು ಕಳಿಸಿದ: ರೂಪಾಯಿ ಬಿದ್ದರೆ ಲಾಭದಲ್ಲಿ ಅವನಿಗೆ ಅರ್ಧ, ಏರಿದರೆ ನಷ್ಟವೆಲ್ಲ ನಮ್ಮದು. ಬೈಯಲು ಬಾಯಿ ತೆರೆದೆ. ಅದು ಮಾವ ತಿದ್ದಿಸುವ ಮೊದಲು ನಾನೇ ಬರೆದಿದ್ದ ಕರಾರು, ಮಗುಚಿ ಹಾಕಿದ್ದ ಅಷ್ಟೆ.