ಐವತ್ತಕ್ಕೊಂದು ಕಿಟಕಿ ಪರದೆ

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದರೆ ಎದ್ದು ಹೋಗಿ ನೋಡಿಬರಬಹುದು. ನೋಡಿದ ಮೇಲೆ ಮನಸ್ಸು ತಣ್ಣಗಾಗುತ್ತದೆ. ಆ ಬೆಳಿಗ್ಗೆ ಅವಳನ್ನು ಕಾಡುತ್ತಿದ್ದದ್ದು ಅಂಥದ್ದಲ್ಲ. ನಾಲ್ಕು ಸಲ ನೋಡಿಬಂದಿದ್ದಳು. ನಾಲ್ಕು ಸಲವೂ ಬ್ಯಾನರ್ ಒಂದು ಹೇಳುತ್ತಿತ್ತು, ಬೆಲೆ ಇನ್ನೊಂದು ಹೇಳುತ್ತಿತ್ತು.

ಹಾಸಿಗೆ ಹೊದಿಕೆ, ಟವೆಲ್ಲು, ಕಿಟಕಿ ಪರದೆ ಮಾರುವ ಒಂದು ಆನ್‌ಲೈನ್ ಅಂಗಡಿಯಲ್ಲಿ ಅವಳ ಕೆಲಸ. ಯಾವ ಸಾಮಾನಿಗೆ ಎಷ್ಟು ರಿಯಾಯಿತಿ, ಯಾವ ಕೂಪನ್ ಯಾವುದರ ಜೊತೆ ಸೇರಬಹುದು, ಯಾವುದು ಸೇರಬಾರದು ಎಂಬ ನಿಯಮಗಳನ್ನೆಲ್ಲ ಬರೆದಿಡುವವಳು ಅವಳೇ. ಮಗು ಹುಟ್ಟುವ ಮುಂಚೆ ಆಫೀಸಿನ ಕಿಟಕಿ ಪಕ್ಕದ ಟೇಬಲ್ಲು ಅವಳದು. ಪಕ್ಕದಲ್ಲೇ ಬ್ಯಾನರ್ ಬಿಡಿಸುವ ಹುಡುಗಿ ಕೂರುತ್ತಿದ್ದಳು. ಅನುಮಾನ ಬಂದರೆ ಕುರ್ಚಿ ತಿರುಗಿಸಿ ಕೇಳಿದರೆ ಮುಗಿಯುತ್ತಿತ್ತು. ಈಗ ಮನೆಯಿಂದಲೇ ಅರ್ಧ ದಿನದ ಕೆಲಸ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಕಾಲ ಬಳಿ ಚಾಪೆಯ ಮೇಲೆ ಏಳು ತಿಂಗಳ ಪುಟ್ಟಿ. ಗಂಡ ಲಾರಿ ಕಂಪನಿಯ ಕೆಲಸದ ಮೇಲೆ ಹೋಗಿ ಐದು ದಿನ. ಆ ಐದು ದಿನಗಳಲ್ಲಿ ಅವಳು ಎದುರುಬದುರಾಗಿ ಮಾತಾಡಿದ್ದು ಹಾಲಿನವನ ಜೊತೆ, ಅದೂ "ಇವತ್ತು ಒಂದೇ ಪ್ಯಾಕೆಟ್ ಸಾಕು" ಅಂತ.

ಹಬ್ಬದ ಸೇಲ್ ಹತ್ತು ಗಂಟೆಗೆ ತೆರೆಯಬೇಕು, ಅಲ್ಲಿಯವರೆಗೆ ಅದು ಆಫೀಸಿನವರಿಗೆ ಮಾತ್ರ ಕಾಣುತ್ತದೆ. ಈಗ ಎಂಟೂವರೆ.

ನಿಯಮ ಸರಳವಾಗಿತ್ತು. ಎಲ್ಲ ಹೊಸ ಸಾಮಾನಿನ ಮೇಲೆ ತಾನಾಗಿಯೇ ಮೂವತ್ತು ಪರ್ಸೆಂಟ್ ಕಡಿತ. ಮೇಲೆ ಕೂಪನ್ ಹಾಕಿದವರಿಗೆ, ಇಳಿದ ಬೆಲೆಯ ಮೇಲೆ ಇನ್ನೂ ಇಪ್ಪತ್ತು. ಸಾವಿರದ ಹೊದಿಕೆ ಏಳುನೂರಾಗುತ್ತದೆ, ಏಳುನೂರರಲ್ಲಿ ಇಪ್ಪತ್ತು ಪರ್ಸೆಂಟ್ ಅಂದರೆ ನೂರ ನಲವತ್ತು ಹೋಗಿ ಐನೂರ ಅರವತ್ತು. ಒಟ್ಟು ಕಡಿತ ನಲವತ್ತನಾಲ್ಕು ಪರ್ಸೆಂಟ್. ಬ್ಯಾನರಿನವಳು ಮೂವತ್ತಕ್ಕೆ ಇಪ್ಪತ್ತು ಕೂಡಿಸಿ, ಕೆಂಪು ಹಿನ್ನೆಲೆಯಲ್ಲಿ ಆನೆ ಗಾತ್ರದ ಅಕ್ಷರದಲ್ಲಿ "ಕೂಪನ್ ಹಾಕಿ, ಒಟ್ಟು 50% ಉಳಿಸಿ" ಅಂತ ಬರೆದುಬಿಟ್ಟಿದ್ದಳು.

ಅವಳು ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆದಳು: "ಒಂದು ಚಿಕ್ಕ ಡೌಟು. ಕಾರ್ಟಿನಲ್ಲಿ 560 ಬರ್ತಿದೆ, ಬ್ಯಾನರ್ ಪ್ರಕಾರ 500 ಆಗ್ಬೇಕಲ್ವಾ?"

ಬ್ಯಾನರಿನವಳಿಂದ ನಗುವ ಮುಖ ಬಂತು. "ಬಂತಪ್ಪಾ ನಮ್ಮ ಸೈರನ್ನು!"

ಆ ಹೆಸರು ಅಂಟಿ ಎರಡು ತಿಂಗಳಾಗಿತ್ತು. ಕೆಲಸಕ್ಕೆ ಮರಳಿದ ಮೊದಲ ಸೇಲಿನಲ್ಲಿ, ಬೆಲೆ ತಪ್ಪಾಗಿದೆ ಎಂದು ಅವಳು ಗಾಬರಿಯಿಂದ ಅಂಗಡಿ ನಡೆಸುವ ಮೇಡಂಗೆ ಫೋನ್ ಮಾಡಿ ಇಪ್ಪತ್ತು ನಿಮಿಷ ಅಂಗಡಿಯನ್ನೇ ಮುಚ್ಚಿಸಿದ್ದಳು. ಕೊನೆಗೆ ನೋಡಿದರೆ ಅವಳ ಬ್ರೌಸರಿನಲ್ಲಿ ಹಿಂದಿನ ದಿನದ ಪುಟವೇ ಕೂತಿತ್ತು. ಯಾರೂ ಬೈಯಲಿಲ್ಲ. "ನಿದ್ದೆಗೆಟ್ಟಿದೀಯ, ಬಿಡು" ಅಂದರು. ಆ ಕನಿಕರವೇ ಅವಳಿಗೆ ಚುಚ್ಚಿತ್ತು. ಸೇಲಿನ ದಿನ ಒಂಬತ್ತಾದ ಮೇಲೆ ಮೇಡಂ ಹೊರತು ಬೇರೆ ಯಾರೂ ನಿಯಮ ಮುಟ್ಟುವಂತಿಲ್ಲ ಎಂಬ ಕಟ್ಟಳೆ ಬಂದದ್ದು ಆಮೇಲೆಯೇ. ಇನ್ನೊಂದು ಸಲ ಹಾಗಾದರೆ ಅರ್ಧ ದಿನದ ಈ ಕೆಲಸವೂ ಕೈತಪ್ಪುತ್ತದೆ ಎಂಬ ಭಯ ಅವಳಿಗಿತ್ತು.

ಒಂಬತ್ತೂ ಹತ್ತಕ್ಕೆ ಮೇಡಂ ಬರೆದರು: "ಸರಿ ಮಾಡಿದೀನಿ. ಬ್ಯಾನರ್ ಹಾಗೇ ಇರಲಿ."

ಅವಳು ಹೊದಿಕೆಯನ್ನು ಮತ್ತೆ ಕಾರ್ಟಿಗೆ ಹಾಕಿದಳು. ಐನೂರು! ಬ್ಯಾನರಿಗೂ ಬೆಲೆಗೂ ಹೊಂದಾಣಿಕೆ. ಗ್ರೂಪಿನಲ್ಲಿ ಹೆಬ್ಬೆರಳುಗಳ ಸಾಲು. ಅವಳೂ ಒಂದು ಹೆಬ್ಬೆರಳು ಒತ್ತಿದಳು. ಪುಟ್ಟಿಗೆ ಗಂಜಿ ತಿನ್ನಿಸುತ್ತ, "ನೋಡಿದ್ಯಾ, ನಿಮ್ಮಮ್ಮ ಹೇಳಿದ್ದು ಸರಿಯಾಗೇ ಇತ್ತು" ಅಂದಳು. ಪುಟ್ಟಿ ಚಮಚ ಕಚ್ಚಿ ಹಿಡಿದು ನಕ್ಕಿತು.

ನೆಮ್ಮದಿ ಒಂದು ಬಟ್ಟಲು ಗಂಜಿಯಷ್ಟು ಹೊತ್ತೂ ಉಳಿಯಲಿಲ್ಲ. ಹೇಗೆ ಸರಿ ಮಾಡಿದರು?

ಬಟ್ಟಲು ಕೆಳಗಿಟ್ಟು ನಿಯಮದ ಪುಟ ತೆರೆದಳು. ನೋಡಬಹುದು, ಮುಟ್ಟುವಂತಿಲ್ಲ. ಮೇಡಂ ಬದಲಿಸಿದ್ದು ಒಂದೇ ಒಂದು ಗುಂಡಿ. ಕೂಪನ್ನಿನ ಇಪ್ಪತ್ತು ಪರ್ಸೆಂಟನ್ನು ಯಾವ ಬೆಲೆಯ ಮೇಲೆ ಲೆಕ್ಕ ಹಾಕಬೇಕು? ಅವಳು "ಇಳಿದ ಬೆಲೆ" ಅಂತ ಇಟ್ಟಿದ್ದಳು, ಮೇಡಂ "ಮೂಲ ಬೆಲೆ" ಅಂತ ಮಾಡಿದ್ದರು. ಸಾವಿರದಲ್ಲಿ ಮುನ್ನೂರು, ಸಾವಿರದಲ್ಲೇ ಇನ್ನೂರು. ಐನೂರು. ಹೊಸ ಸಾಮಾನಿಗೆ ಸರಿಯೇ.

ಆದರೆ ಹಳೆಯ ಸ್ಟಾಕು?

ಕಳೆದ ವರ್ಷದ ಕಿಟಕಿ ಪರದೆಗಳು, ಮೂಲ ಬೆಲೆ ಸಾವಿರ, ಗೋದಾಮಿನಲ್ಲಿ ಧೂಳು ಹಿಡಿದು ಇನ್ನೂರ ಐವತ್ತಕ್ಕೆ ಬಂದಿದ್ದವು. ಅವನ್ನು ಮೂವತ್ತು ಪರ್ಸೆಂಟಿನ ನಿಯಮದಿಂದ ಅವಳೇ ಹೊರಗಿಟ್ಟಿದ್ದಳು. ಕೂಪನ್ನಿನಿಂದ ಮಾತ್ರ ಇಟ್ಟಿರಲಿಲ್ಲ, ಬೇಕೆಂದೇ. ಇನ್ನೂರ ಐವತ್ತರಲ್ಲಿ ಇಪ್ಪತ್ತು ಪರ್ಸೆಂಟ್ ಅಂದರೆ ಐವತ್ತು ತಾನೇ, ಹೋಗಲಿ, ಗೋದಾಮು ಖಾಲಿಯಾಗಲಿ ಎಂದು. ಈಗ ಅದೇ ಕೂಪನ್ನು ಸಾವಿರದ ಇಪ್ಪತ್ತು ಪರ್ಸೆಂಟ್ ಕಿತ್ತುಕೊಳ್ಳುತ್ತದೆ.

ಪರದೆಯನ್ನು ಕಾರ್ಟಿಗೆ ಹಾಕಿದಳು. ಕೂಪನ್ ಹಾಕಿದಳು.

ಐವತ್ತು.

ಹಳೆಯ ಪುಟವಿರಬಹುದು. ಎಲ್ಲ ಮುಚ್ಚಿ ಹೊಸದಾಗಿ ತೆರೆದಳು. ಐವತ್ತು. ಗಂಡ ಬಿಟ್ಟುಹೋದ ಹಳೆಯ ಫೋನಿನಲ್ಲಿ, ಮೊದಲಿಂದ ಲಾಗಿನ್ ಆಗಿ ನೋಡಿದಳು. ಐವತ್ತು. ಒಂದು ಪರದೆ ಕಳಿಸಿಕೊಡುವ ಖರ್ಚೇ ಅದಕ್ಕಿಂತ ಹೆಚ್ಚು. ಅಂಥವು ಎರಡು ಸಾವಿರದ ಚಿಲ್ಲರೆ ಇದ್ದವು. ಜನ ಒಂದು ಸಲ ಕಂಡುಹಿಡಿದರೆ ಮಧ್ಯಾಹ್ನದೊಳಗೆ ಗೋದಾಮು ಗುಡಿಸಿಹಾಕುತ್ತಾರೆ. ಆಮೇಲೆ ಆರ್ಡರು ರದ್ದು ಮಾಡಿದರೆ ಬೈಗುಳ, ಮಾಡದಿದ್ದರೆ ನಷ್ಟ. ಕೂಪನ್ನಿನ ಪುಟದ ಮೇಲ್ಗಡೆ "ರಚಿಸಿದವರು" ಎಂಬಲ್ಲಿ ಇರುವುದು ಅವಳ ಹೆಸರು.

ಗಂಟೆ ಒಂಬತ್ತೂ ಮೂವತ್ತೆಂಟು.

"ಮೇಡಂ, ಬಿಡುವಾದಾಗ ಹಳೆ ಸ್ಟಾಕ್ ಪರದೆ ಒಮ್ಮೆ ನೋಡ್ತೀರಾ?" ಅಂತ ಗ್ರೂಪಿಗೆ ಕಳಿಸಿದಳು. ಅದರ ಕೆಳಗೆ ಬ್ಯಾನರಿನವಳ ಸೆಲ್ಫಿ ಬಂತು. ಆಫೀಸಿನ ಬಾಗಿಲಿಗೆ ಬಲೂನು ಕಟ್ಟಿದ್ದರು. ಅವಳ ಹಳೆಯ ಟೇಬಲ್ಲಿನ ಮೇಲೆ ಕೇಕಿನ ಡಬ್ಬಿಗಳು. ಅದರ ಕೆಳಗೆ ಹತ್ತು ಕಾಮೆಂಟು, ಅದರ ಕೆಳಗೆ ಹೂವು, ಪಟಾಕಿ. ಅವಳ ಪ್ರಶ್ನೆ ಮೇಲೆ ಮೇಲೆ ಸರಿದು ಕಣ್ಣಿಂದಲೇ ಮರೆಯಾಯಿತು.

ಫೋನು ಕೈಗೆತ್ತಿಕೊಂಡಳು. ಇಟ್ಟಳು. ಏನೆಂದು ಹೇಳುವುದು? ಮೇಡಂ, ನೀವು ಮಾಡಿದ್ದು ತಪ್ಪು ಎಂದೇ? ಹಳೆ ಸ್ಟಾಕನ್ನು ಕೂಪನ್ನಿನೊಳಗೆ ಬಿಟ್ಟವಳು ನಾನೇ ಎಂದೇ? ಮತ್ತೆ ಪುಟ ಹಳೆಯದಾಗಿದ್ದರೆ? ಪುಟ್ಟಿ ಚಾಪೆಯ ಮೇಲೆ ಅಂಗಾತ ಮಲಗಿ, ಫ್ಯಾನಿನ ಜೊತೆ ತನ್ನದೇ ಭಾಷೆಯಲ್ಲಿ ಜೋರಾಗಿ ಏನೋ ವಾದಿಸುತ್ತಿತ್ತು, ಫ್ಯಾನು ಉತ್ತರ ಕೊಡದಿದ್ದರೂ ಬಿಡದೆ. ಅವಳು ಅದನ್ನೇ ಒಂದು ಗಳಿಗೆ ನೋಡುತ್ತ ನಿಂತಳು.

ಹಾಳೆಯ ಮೇಲೆ ಮೂರು ಸಾಲು ಬರೆದುಕೊಂಡಳು, ನಾಲಗೆ ತೊದಲಿದರೆ ಓದಿಬಿಡಲೆಂದು. ಒಂಬತ್ತೂ ನಲವತ್ತಾರಕ್ಕೆ ಮೇಡಂ ನಂಬರು ಒತ್ತಿದಳು.

ಎರಡು ರಿಂಗು. ಮೂರು.

"ಏನಮ್ಮಾ? ಬೇಗ ಹೇಳು, ಇಲ್ಲಿ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ."

"ಮೇಡಂ, ಸೇಲ್ ತೆರೀಬೇಡಿ." ಹಾಳೆ ನೋಡಿಕೊಂಡಳು. "ಹಳೆ ಸ್ಟಾಕ್ ಪರದೆ ಐವತ್ತಕ್ಕೆ ಹೋಗ್ತಿದೆ. ಕೂಪನ್ನಿಂದ ಅದನ್ನ ನಾನು ಹೊರಗಿಡ್ಬೇಕಿತ್ತು, ಇಟ್ಟಿಲ್ಲ. ಕೂಪನ್ ಈಗ ಮೂಲ ಬೆಲೆ ಮೇಲೆ ಕಟ್ ಆಗ್ತಿದೆ. ವಾಪಸ್ ಇಳಿದ ಬೆಲೆಗೇ ಹಾಕಿ. ಬ್ಯಾನರಲ್ಲಿ 'ಮೂವತ್ತು, ಅದರ ಮೇಲೆ ಕೂಪನ್ನಿಂದ ಇನ್ನೂ ಇಪ್ಪತ್ತು' ಅಂತ ಬರೆದ್ರೆ ಸಾಕು, ಸುಳ್ಳಾಗಲ್ಲ."

"ಪುಟ ಹೊಸದಾಗಿ ತೆರೆದು ನೋಡಿದ್ಯಾ?"

"ಮೂರು ಸಲ ಮೇಡಂ. ಲ್ಯಾಪ್‌ಟಾಪಲ್ಲೂ, ಫೋನಲ್ಲೂ."

ಆ ಕಡೆ ಕೀಲಿಗಳ ಟಕಟಕ. ಆಮೇಲೆ ಮೇಡಂ ಉಸಿರೆಳೆದುಕೊಂಡ ಸದ್ದು.

"ಅಯ್ಯೋ ದೇವರೇ. ಏಯ್, ಯಾರೂ ಓಪನ್ ಮಾಡ್ಬೇಡ್ರೋ! ಬ್ಯಾನರ್ ತೆಗಿ, ಬ್ಯಾನರ್ ತೆಗಿ!" ಮತ್ತೆ ಫೋನಿಗೆ ಬಾಯಿ ಹತ್ತಿರ ತಂದು, "ನೀನು ಲೈನಲ್ಲೇ ಇರು ಕಣಮ್ಮಾ, ಇಡ್ಬೇಡ. ಒಂದೊಂದೇ ಹೇಳ್ತಾ ಹೋಗು, ನಾನು ಮಾಡ್ತೀನಿ."

"ಇಡಲ್ಲ ಮೇಡಂ," ಅಂದಳು ಅವಳು.

ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದ ಸದ್ದು, ಬಲೂನು ಒಡೆದ ಸದ್ದು, ಬ್ಯಾನರಿನವಳು "ಸೈರನ್, ಥ್ಯಾಂಕ್ಸ್ ಕಣೇ!" ಎಂದು ದೂರದಿಂದ ಕೂಗಿದ್ದು, ಎಲ್ಲ ಅವಳ ಮನೆಯೊಳಕ್ಕೆ ಬಂತು. ಪುಟ್ಟಿ ವಾದ ನಿಲ್ಲಿಸಿ, ಮನೆಗೆ ಯಾರು ಬಂದರೆಂದು ತಲೆ ಹೊರಳಿಸಿ ನೋಡಿತು.