ಬಾಯಿ ಬಿಟ್ಟ ಸಂದು

ಭೂಮಿ ಬಾಯಿ ಬಿಟ್ಟರೂ ತಾನು ಗಾರೆ ತುಂಬಿದ ಸಂದು ಬಾಯಿ ಬಿಡದೆಂದು ಮೇಸ್ತ್ರಿ ಊರಿಗೆಲ್ಲ ಸಾರುತ್ತಿದ್ದ. ಕಾರ್ಖಾನೆಯಿಂದ ಬಂದ ಟೊಳ್ಳು ಸ್ಲ್ಯಾಬುಗಳನ್ನು ಕ್ರೇನು ತೊಲೆಗಳ ರಬ್ಬರ್ ಪಟ್ಟಿಯ ಮೇಲೆ ಕೂರಿಸಿತು. ಅವನು ಸ್ಲ್ಯಾಬುಗಳ ನಡುವಿನ ಸಂದುಗಳನ್ನು ತೊಳೆದು, ಸರಳಿಟ್ಟು, ಸಂಜೆಗೆ ಗಾರೆ ತುಂಬಿದ. ಅದು ಗಟ್ಟಿಯಾಗಲು ಕೆಲವು ದಿನ ಬೇಕು; ಅಲ್ಲಿಯವರೆಗೆ ಸ್ಲ್ಯಾಬುಗಳು ಒಂದಾಗಿ ಭಾರ ಹೊರುವುದಿಲ್ಲ.

ಬೆಳಿಗ್ಗೆ ಇಂಜಿನಿಯರ್ ಒಂದೇ ಸ್ಲ್ಯಾಬಿನ ಮೇಲೆ ಇಟ್ಟಿಗೆ ರಾಶಿ ಇಳಿಸಲು ಹೇಳಿದಾಗ, ಕೆಲಸ ಹೋದೀತೆಂದು ಮೇಸ್ತ್ರಿ ಸುಮ್ಮನಿದ್ದ. ಸ್ಲ್ಯಾಬು ಬಾಗಿತು; ಸಂದು ಉದ್ದಕ್ಕೂ ಬಿರಿಯಿತು.

“ಭೂಮಿ ಗಟ್ಟಿಯಾಗೇ ಇದೆಯಲ್ಲಯ್ಯಾ, ನಿನ್ನ ಸಂದೇ ಬಾಯಿ ಬಿಟ್ಟಿದೆ,” ಎಂದರು ಇಂಜಿನಿಯರ್. “ಎಲ್ಲಾ ಕೆತ್ತಿ ತೆಗಿ. ನಾಳೆಯಿಂದ ಬರಬೇಡ.”

ಈ ವಯಸ್ಸಿನಲ್ಲಿ ಬೇರೆ ಯಾರೂ ಕರೆಯುವುದಿಲ್ಲವೆಂದು ಗೊತ್ತಿದ್ದ ಮೇಸ್ತ್ರಿ ಉಳಿ ಎತ್ತಿಕೊಂಡ.

“ಆಗಲಿ ಸಾರ್. ಬೆಳಗಾಗೋದ್ರೊಳಗೆ ಗಟ್ಟಿಯಾಗೋದು ನಿಮ್ಮ ಮನಸ್ಸೊಂದೇ ಅಂತ ಆಗಲೇ ಹೇಳಬೇಕಿತ್ತು ನಾನು.”